ನಾಣ್ಯ ಮೊಟ್ಟೆಯಾದರೆ ಹೆಜ್ಜೆ ದುಂಡಗಾಗುತ್ತದೆ

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು, ಗುಡ್ಡದ ಬುಡದಲ್ಲಿ ಅಡಿಕೆ ತೋಟ. ಕೃಷಿ ಹೊಂಡದ ಕೆಳಗಿನ ಕೆಸರಲ್ಲಿ ಬೆಳಿಗ್ಗೆ ಹೆಜ್ಜೆ ಕಂಡವು. ಮೊನ್ನೆಯಷ್ಟೇ ಒಂದು ಆಡಿನ ಮರಿ ಕಾಣೆಯಾಗಿದೆ. ಮೂರು ಫೋಟೊ ಕಳಿಸಿದ್ದೇನೆ. ಮೊದಲನೆಯದರಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟಿದ್ದೇನೆ. ಹೆಜ್ಜೆ ದುಂಡಗಿದೆ, ಉಗುರು ಕಾಣುವುದಿಲ್ಲ, ಊರಲ್ಲಿ ಎಲ್ಲರೂ ಚಿರತೆ ಅಂತಿದ್ದಾರೆ. ಎರಡನೆಯದರಲ್ಲಿ ಐದು ಬೆರಳಿವೆ, ಅದು ಕರಡಿ ಅಂತ ನಮ್ಮಣ್ಣ. ಮೂರನೆಯದನ್ನು ನಿಂತುಕೊಂಡೇ ತೆಗೆದೆ, ಪಕ್ಕದಲ್ಲಿ ನನ್ನ ಚಪ್ಪಲಿ ಇದೆ, ಸರಿಯಾಗಿ ಬಂದಿಲ್ಲ. ಇದು ಯಾವ ಪ್ರಾಣಿ? ಮುಂದೇನು ಮಾಡಬೇಕು?

ಉತ್ತರ: ಮೊದಲ ಎರಡು ಫೋಟೊಗಳಲ್ಲಿರುವುದು ನಾಯಿಯ ಹೆಜ್ಜೆ. ಸರಿಯಾಗಿ ಬಂದಿಲ್ಲ ಎಂದು ನೀವು ಬದಿಗಿಟ್ಟ ಮೂರನೆಯದು ಬೆಕ್ಕಿನ ಜಾತಿಯದು, ಚಿರತೆಯೂ ಇರಬಹುದು. ಹಾಗಾಗಿ ಊರವರ ಅನುಮಾನ ಪೂರ್ತಿ ತಪ್ಪಲ್ಲ, ಅವರು ನೋಡುತ್ತಿರುವ ಹೆಜ್ಜೆ ಮಾತ್ರ ಬೇರೆಯದು. ಈ ತೀರ್ಮಾನಕ್ಕೆ ಬಂದದ್ದು ಹೇಗೆಂದು ಒಂದೊಂದೇ ಫೋಟೊ ಹಿಡಿದು ಹೇಳುತ್ತೇನೆ. ಮುಂದಿನ ಸಲ ಹೆಜ್ಜೆ ಕಂಡಾಗ ನೀವೇ ನೋಡಿಕೊಳ್ಳಬಹುದು.

ಮೊದಲ ಫೋಟೊದಲ್ಲಿ ಹೆಜ್ಜೆಗಿಂತ ಮುಂಚೆ ನಾಣ್ಯವನ್ನು ನೋಡಿ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಒಂದು, ಎರಡು, ಐದು ರೂಪಾಯಿ ನಾಣ್ಯಗಳು ಬೇರೆ ಬೇರೆ ವರ್ಷ ಬೇರೆ ಬೇರೆ ಅಳತೆಯಲ್ಲಿ ಬಂದಿವೆ, ಹತ್ತರದ್ದು ಹಾಗಿಲ್ಲ. ಆದ್ದರಿಂದ ನೀವು ಅದನ್ನೇ ಇಟ್ಟದ್ದು ಒಳ್ಳೆಯದಾಯಿತು. ಆದರೆ ಫೋಟೊದಲ್ಲಿ ಆ ನಾಣ್ಯ ದುಂಡಗಿಲ್ಲ, ಮೊಟ್ಟೆಯಾಕಾರಕ್ಕಿದೆ. ಫೋಟೊವನ್ನು ಕಂಪ್ಯೂಟರ್ ಪರದೆಯಲ್ಲಿ ದೊಡ್ಡದು ಮಾಡಿ ಸ್ಕೇಲ್ ಇಟ್ಟು ಅಳೆದರೆ ನಾಣ್ಯ ಅಡ್ಡಕ್ಕೆ 54 ಮಿಲಿಮೀಟರ್, ಮೇಲಿನಿಂದ ಕೆಳಕ್ಕೆ 46 ಮಿಲಿಮೀಟರ್ ಬರುತ್ತದೆ. ನಾಣ್ಯ ನೆಲಕ್ಕೆ ಮಟ್ಟಸವಾಗಿಯೇ ಕೂತಿದೆ. ಅಂದರೆ ಓರೆಯಾದದ್ದು ಮೊಬೈಲು. ನೇರ ಮೇಲಿನಿಂದ ಹಿಡಿಯದೆ ಸುಮಾರು ಮೂವತ್ತು ಡಿಗ್ರಿ ವಾಲಿಸಿ ತೆಗೆದಿದ್ದೀರಿ. ಹಾಗೆ ತೆಗೆದಾಗ ಅಗಲ ಹಾಗೇ ಉಳಿಯುತ್ತದೆ, ನಮ್ಮಿಂದ ಆಚೆಗೆ ಚಾಚಿದ ಉದ್ದ ಮಾತ್ರ ಕುಗ್ಗುತ್ತದೆ. ನಾಣ್ಯ ಎಷ್ಟು ಕುಗ್ಗಿದೆಯೋ ಪಕ್ಕದ ಹೆಜ್ಜೆಯೂ ಅಷ್ಟೇ ಕುಗ್ಗಿರುತ್ತದೆ.

ಈಗ ಲೆಕ್ಕ ನೋಡೋಣ. ಅಡ್ಡಕ್ಕೆ 27 ಮಿಲಿಮೀಟರ್ ನಾಣ್ಯ ಪರದೆಯಲ್ಲಿ 54 ಆಗಿದೆ, ಅಂದರೆ ಎರಡು ಪಟ್ಟು. ಹೆಜ್ಜೆಯ ಅಗಲ ಪರದೆಯಲ್ಲಿ 132, ಎರಡರಿಂದ ಭಾಗಿಸಿದರೆ 66 ಮಿಲಿಮೀಟರ್. ಹೆಜ್ಜೆಯ ಉದ್ದ, ಬೆರಳ ತುದಿಯಿಂದ ಅಂಗಾಲಿನ ಮೆತ್ತೆಯ ಹಿಂಬದಿಯವರೆಗೆ, ಪರದೆಯಲ್ಲಿ 123. ಇದನ್ನೂ ಎರಡರಿಂದ ಭಾಗಿಸಿದರೆ 61 ಚಿಲ್ಲರೆ ಬರುತ್ತದೆ, ಅಂದರೆ ಉದ್ದಕ್ಕಿಂತ ಅಗಲವೇ ಹೆಚ್ಚಾಗಿ ಹೆಜ್ಜೆ ದುಂಡಗಾಗುತ್ತದೆ. ಊರವರ ಕಣ್ಣು ಕಂಡದ್ದು ಇದನ್ನೇ. ಆದರೆ ಉದ್ದದ ದಿಕ್ಕಿನಲ್ಲಿ ನಾಣ್ಯ ಎರಡು ಪಟ್ಟಾಗಿಲ್ಲ, 46ನ್ನು 27ರಿಂದ ಭಾಗಿಸಿದರೆ 1.7 ಪಟ್ಟು ಮಾತ್ರ. 123ನ್ನು 1.7ರಿಂದ ಭಾಗಿಸಿದರೆ ನಿಜವಾದ ಉದ್ದ 72 ಮಿಲಿಮೀಟರ್. 66 ಅಗಲ, 72 ಉದ್ದ: ಇದು ಉದ್ದನೆಯ ಹೆಜ್ಜೆ. ದುಂಡಗೆ ಕಂಡದ್ದು ಮೊಬೈಲು ವಾಲಿದ್ದರಿಂದ.

ನಾನು ಅಳೆದದ್ದು ಹೆಜ್ಜೆಯ ತಳವನ್ನು, ಅಂಚನ್ನಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕೆಸರಿಗೆ ಕಾಲಿಟ್ಟಾಗ ಮಣ್ಣು ಪಕ್ಕಕ್ಕೆ ಒತ್ತಿಕೊಂಡು ಇಳಿಜಾರು ಗೋಡೆಯಾಗುತ್ತದೆ, ಕಾಲೆತ್ತುವಾಗ ಅಂಚು ಇನ್ನಷ್ಟು ಹಿಗ್ಗುತ್ತದೆ. ಪಾದದ ನಿಜ ಅಳತೆ ಸಿಗುವುದು ಮೆತ್ತೆ ಕೂತ ಚಪ್ಪಟೆ ತಳದಲ್ಲಿ. ನಿಮ್ಮ ಫೋಟೊದಲ್ಲಿ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಅಗಲ 75 ಮಿಲಿಮೀಟರ್ ಬರುತ್ತದೆ. ಬೆಳೆದ ಚಿರತೆಯ ಹೆಜ್ಜೆ ಸಾಮಾನ್ಯವಾಗಿ 7ರಿಂದ 9 ಸೆಂಟಿಮೀಟರ್ ಅಗಲ. ಕೆಸರು ಸೇರಿಸಿದ ಈ ಒಂಬತ್ತು ಮಿಲಿಮೀಟರ್‌ನಲ್ಲೇ ದೊಡ್ಡ ನಾಯಿಯೊಂದು ಚಿರತೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕೇ ಬರೀ ಅಳತೆ ನಂಬಿ ಪ್ರಾಣಿಯ ಹೆಸರು ಹೇಳಬಾರದು. ಅಳತೆಗಿಂತ ಆಕಾರ ಹೆಚ್ಚು ನಂಬಿಕಸ್ಥ.

ಆಕಾರದಲ್ಲೂ ಮೊದಲು ನೋಡಬೇಕಾದದ್ದು ಉಗುರಲ್ಲ, ಅಂಗಾಲಿನ ದೊಡ್ಡ ಮೆತ್ತೆ. ಚಿರತೆಯಾಗಲಿ ಮನೆಯ ಬೆಕ್ಕಾಗಲಿ, ಆ ಜಾತಿಯ ಮೆತ್ತೆ ಅಗಲವಾಗಿರುತ್ತದೆ. ಅದರ ಹಿಂಬದಿಯಲ್ಲಿ ಎರಡು ಕಚ್ಚು ಬಿದ್ದು ಮೂರು ಉಬ್ಬು ಕಾಣುತ್ತವೆ, ಮುಂಬದಿ ಮೊಂಡಾಗಿ ನಡುವೆ ಸ್ವಲ್ಪ ತಗ್ಗಿರುತ್ತದೆ. ನಾಯಿಯ ಮೆತ್ತೆ ಚಿಕ್ಕದು, ತ್ರಿಕೋನದಂಥದು, ಮುಂದಕ್ಕೆ ಒಂದೇ ತುದಿ. ನಿಮ್ಮ ಮೊದಲ ಫೋಟೊದ ಮೆತ್ತೆಗೆ ಆ ಒಂದೇ ತುದಿ ಸ್ಪಷ್ಟವಾಗಿದೆ.

ಬೆರಳುಗಳ ಜೋಡಣೆಯೂ ಅದನ್ನೇ ಹೇಳುತ್ತದೆ. ನಾಯಿಯ ನಡುವಿನ ಎರಡು ಬೆರಳು ಸಮಕ್ಕೆ ಮುಂದಿರುತ್ತವೆ, ಪಕ್ಕದ ಎರಡು ಸಮಕ್ಕೆ ಹಿಂದೆ. ಹೆಜ್ಜೆಯ ನಡುವೆ ಗೆರೆ ಎಳೆದರೆ ಎಡಬಲ ಒಂದೇ ತರಹ. ಬೆಕ್ಕಿನ ಜಾತಿಯಲ್ಲಿ ಹಾಗಲ್ಲ. ನಮ್ಮ ಕೈಯ ನಡುಬೆರಳು ಹೇಗೆ ಉಳಿದವಕ್ಕಿಂತ ಮುಂದಿದೆಯೋ ಹಾಗೆ ಒಂದು ಬೆರಳು ಮುಂದೆ ಹೋಗಿರುತ್ತದೆ. ಅದು ಯಾವ ಬದಿಗಿದೆ ಎಂಬುದರಿಂದ ಎಡಗಾಲೋ ಬಲಗಾಲೋ ಎಂದೂ ಹೇಳಬಹುದು. ನಿಮ್ಮ ಫೋಟೊದಲ್ಲಿ ನಡುವಿನ ಎರಡು ಬೆರಳೂ ಸಮ. ಜೊತೆಗೆ ನಾಲ್ಕು ಬೆರಳು ಮತ್ತು ಮೆತ್ತೆಯ ನಡುವೆ ಮಣ್ಣು ಪುಟ್ಟ ಗುಡ್ಡೆಯಂತೆ ಎದ್ದು ನಿಂತಿದೆ, ಅದರಿಂದ ನಾಲ್ಕು ಕಡೆಗೆ ಏಣುಗಳು ಹೊರಟು ಗುಣಾಕಾರ ಚಿಹ್ನೆಯಂತೆ ಕಾಣುತ್ತವೆ. ನಾಯಿ, ತೋಳ, ನರಿಗಳ ಹೆಜ್ಜೆಯಲ್ಲಿ ಮೆತ್ತೆಯನ್ನು ಕಡಿಯದೆ ಈ ಚಿಹ್ನೆ ಎಳೆಯಲು ಜಾಗ ಇರುತ್ತದೆ. ಚಿರತೆಯಲ್ಲಿ ಎಳೆದರೆ ದೊಡ್ಡ ಮೆತ್ತೆ ಅಡ್ಡ ಬರುತ್ತದೆ.

ಇನ್ನು ಉಗುರು. ‘ಉಗುರು ಕಂಡರೆ ನಾಯಿ, ಕಾಣದಿದ್ದರೆ ಚಿರತೆ’ ಎನ್ನುವುದು ಗಟ್ಟಿಯಾದ ತೆಳುಧೂಳಿನ ದಾರಿಯಲ್ಲಿ ಬಹುಮಟ್ಟಿಗೆ ನಿಜ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ, ನಾಯಿಗೆ ಎಳೆದುಕೊಳ್ಳಲು ಬರುವುದಿಲ್ಲ. ಆದರೆ ಕೆಸರಲ್ಲಿ ಈ ಮಾತು ಎರಡೂ ಕಡೆಯಿಂದ ಕೈಕೊಡುತ್ತದೆ. ಜಾರುವ ಇಳಿಜಾರಿನಲ್ಲಿ ಹಿಡಿತಕ್ಕಾಗಿ ಚಿರತೆ ಉಗುರು ಚಾಚುತ್ತದೆ, ಆಗ ಬೆರಳಿನಿಂದ ತುಸು ದೂರದಲ್ಲಿ ಸೂಜಿಯಿಂದ ಗೀರಿದಂಥ ಸಣ್ಣ ಗುರುತು ಬೀಳುತ್ತದೆ. ನಾಯಿಯ ಉಗುರು ಸವೆದು ಮೊಂಡಾಗಿರುತ್ತದೆ, ಅದರ ಗುರುತು ದಪ್ಪ, ಬೆರಳಿಗೇ ಅಂಟಿದಂತೆ. ಅದರ ಮೇಲೆ ನೀರು ಒಸರಿ ಬೆರಳಿನ ಮುಂದಿನ ಗೋಡೆ ಕುಸಿದರೆ ಗುರುತು ಮುಚ್ಚಿಹೋಗುತ್ತದೆ. ನಿಮ್ಮ ಫೋಟೊದಲ್ಲಿ ಆದದ್ದೂ ಅದೇ. ಜೊತೆಗೆ ಫ್ಲ್ಯಾಶ್ ಹಾಕಿದ್ದೀರಿ. ಎದುರಿನಿಂದ ಬಂದ ಬೆಳಕು ತಗ್ಗಿನ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಚಿತ್ರದ ಹೊಳಪು ಕಡಿಮೆ ಮಾಡಿ ನೋಡಿದರೆ ನಡುವಿನ ಎರಡು ಬೆರಳ ತುದಿಯಲ್ಲಿ ಜೋಳದ ಕಾಳಿನಷ್ಟು ಗುಣಿ ಸಿಗುತ್ತದೆ. ಅದು ಉಗುರು.

ಇದು ತೋಳ ಯಾಕಲ್ಲ ಎಂದು ಕೇಳಿದರೆ, ಒಂದೇ ಹೆಜ್ಜೆಯಿಂದ ನಾಯಿಯನ್ನೂ ತೋಳವನ್ನೂ ಖಚಿತವಾಗಿ ಬೇರ್ಪಡಿಸಲು ಆಗುವುದಿಲ್ಲ. ದಾರಿ ನೋಡಬೇಕು. ತೋಳ ಹೊರಟಿತೆಂದರೆ ದಾರ ಹಿಡಿದಂತೆ ನೇರ ಹೋಗುತ್ತದೆ, ಹಿಂಗಾಲು ಮುಂಗಾಲಿನ ಗುರುತಿನಲ್ಲೇ ಬೀಳುತ್ತದೆ. ಊರ ನಾಯಿ ಮೂಸುತ್ತ, ತಿರುಗುತ್ತ, ನಿಲ್ಲುತ್ತ ಹೋಗುತ್ತದೆ. ಎರಡನೆಯ ಫೋಟೊದ ಮೂಲೆಯಲ್ಲಿ ಅದೇ ಪ್ರಾಣಿ ಪೈಪಿನ ಹತ್ತಿರ ಸುತ್ತಿ ವಾಪಸ್ ಬಂದದ್ದು ಕಾಣುತ್ತದೆ. ಕತ್ತೆಕಿರುಬವೂ ಅಲ್ಲ. ಅದರದ್ದೂ ನಾಲ್ಕು ಬೆರಳು, ಉಗುರೂ ಮೂಡುತ್ತದೆ, ಆದರೆ ಬೆರಳುಗಳು ಒತ್ತೊತ್ತಾಗಿ ಮೆತ್ತೆಗೆ ತಾಗಿದಂತಿರುತ್ತವೆ, ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಕೆಲವು ಊರಲ್ಲಿ ಚಿರತೆಗೂ ಕಿರುಬ ಎನ್ನುತ್ತಾರೆ. ಯಾರಾದರೂ ‘ಕಿರುಬ ಬಂದಿತ್ತು’ ಎಂದರೆ ಯಾವುದನ್ನು ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳಿ.

ಎರಡನೆಯ ಫೋಟೊದ ಐದು ಬೆರಳಿಗೆ ಬರೋಣ. ನಿಮ್ಮಣ್ಣ ಎಣಿಸಿದ್ದು ಸರಿ, ಗುರುತುಗಳು ಐದಿವೆ. ಆದರೆ ಅವು ಒಂದೇ ಪಾದದವಲ್ಲ. ನಡೆಯುವಾಗ ನಾಯಿಯ ಹಿಂಗಾಲು ಆಗಾಗ ಮುಂಗಾಲಿನ ಗುರುತಿನ ಮೇಲೆ ಅರೆಬರೆ ಬೀಳುತ್ತದೆ. ಹಿಂದಿನ ಗುರುತಿನ ಒಂದೆರಡು ಬೆರಳು ಉಳಿದುಕೊಂಡು ಹೊಸದರ ಜೊತೆ ಸೇರಿ ಐದು, ಆರು ಆಗುತ್ತವೆ. ಇದನ್ನು ಪತ್ತೆ ಮಾಡುವುದು ಸುಲಭ. ಎಡಗಡೆಯ ಬೆರಳಿನ ಗೋಡೆಯನ್ನು ನೋಡಿ, ಪಕ್ಕದ ಬೆರಳು ಅದನ್ನು ಅರ್ಧಚಂದ್ರದಂತೆ ಕತ್ತರಿಸಿದೆ. ಕತ್ತರಿಸಿದ್ದು ಆಮೇಲೆ ಬಿದ್ದದ್ದು, ಕತ್ತರಿಸಿಕೊಂಡದ್ದು ಮೊದಲು ಬಿದ್ದದ್ದು. ಎರಡರ ಆಳವೂ ಬೇರೆ. ಒಂದೇ ಪಾದದ ಬೆರಳುಗಳು ಒಂದನ್ನೊಂದು ಹೀಗೆ ಕತ್ತರಿಸಲು ಸಾಧ್ಯವಿಲ್ಲ.

ಕರಡಿಯ ಹೆಜ್ಜೆ ಬೇರೆಯೇ ರೀತಿಯದು. ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಅಡ್ಡಲಾಗಿ ಕೂತಿರುತ್ತವೆ. ಮುಂಗಾಲಾದರೆ ಬೆರಳಿಗೂ ಉಗುರಿನ ಗುರುತಿಗೂ ನಡುವೆ ಹಲವು ಸೆಂಟಿಮೀಟರ್ ಅಂತರ, ಅಷ್ಟು ಉದ್ದದ ಉಗುರು ಅದರದ್ದು. ಹಿಂಗಾಲಿನದು ಬರಿಗಾಲಿನ ಮನುಷ್ಯನ ಹೆಜ್ಜೆಯನ್ನು ನೆನಪಿಸುತ್ತದೆ. ನಿಮ್ಮ ಗುಡ್ಡದ ಸಾಲಿನಲ್ಲಿ ಕರಡಿ ಇರುವುದು ನಿಜ, ಆದರೆ ಈ ಕೆಸರಲ್ಲಿ ಅದು ಓಡಾಡಿದ ಗುರುತಿಲ್ಲ. ಐದು ಬೆರಳಿನ ಪುಟ್ಟ ಹೆಜ್ಜೆ ಕಂಡರೆ ಮುಂಗುಸಿ, ಪುನುಗುಬೆಕ್ಕು ನೆನಪಿಗೆ ಬರಬೇಕು.

ಮೂರನೆಯ ಫೋಟೊ ಮಸುಕಾಗಿದೆ, ಓರೆಯಾಗಿದೆ, ಆದರೂ ಮೂರು ಸಂಗತಿ ಕಾಣುತ್ತವೆ. ಮೆತ್ತೆ ಅಗಲವಾಗಿದೆ, ಅದರ ಹಿಂಬದಿಯಲ್ಲಿ ಎರಡು ಕಚ್ಚಿನ ನೆರಳಿದೆ. ಬೆರಳುಗಳು ಹನಿಯಾಕಾರದಲ್ಲಿ ಬಿಡಿಬಿಡಿಯಾಗಿವೆ. ಒಂದು ಬೆರಳು ಉಳಿದವಕ್ಕಿಂತ ಮುಂದಿದೆ. ಇದು ನಾಯಿಯಲ್ಲ. ಕಾಡುಬೆಕ್ಕೋ ಚಿರತೆಯೋ ಎಂಬುದನ್ನು ಅಳತೆ ಹೇಳಬೇಕು. ಕಾಡುಬೆಕ್ಕಿನದು 4ರಿಂದ 5 ಸೆಂಟಿಮೀಟರ್ ಅಗಲ, ಎಳೆಯ ಚಿರತೆಯದು ಅದಕ್ಕೂ ಬೆಳೆದ ಚಿರತೆಯದಕ್ಕೂ ನಡುವೆ.

ಚಪ್ಪಲಿಯನ್ನು ಅಳತೆಗೆ ಬಳಸಲು ಎರಡು ತೊಡಕಿವೆ. ಒಂದು, ಅದರ ನಿಜ ಅಗಲ ನನಗೆ ಗೊತ್ತಿಲ್ಲ. ಇನ್ನೊಂದು, ಅದು ನಿಮ್ಮ ಕಾಲ ಬಳಿ ಇದೆ, ಹೆಜ್ಜೆ ಸುಮಾರು ಎರಡು ಅಡಿ ಆಚೆಗಿದೆ. ನಿಂತ ಎತ್ತರದಿಂದ ತೆಗೆದಾಗ ಆಚೆಗಿರುವುದು ಶೇಕಡಾ 7ರಷ್ಟು ಚಿಕ್ಕದಾಗಿ ಕಾಣುತ್ತದೆ. ಪರದೆಯಲ್ಲಿ ಚಪ್ಪಲಿಯ ಮುಂಭಾಗದ ಅಗಲ 75 ಮಿಲಿಮೀಟರ್, ಹೆಜ್ಜೆಯ ಅಗಲ 45. ಉದ್ದವನ್ನು ಬಿಟ್ಟುಬಿಡಿ, ಓರೆಯಲ್ಲಿ ಅದು ನಂಬಲಾಗದು. ಚಪ್ಪಲಿಯ ಅಗಲ ನಿಜದಲ್ಲಿ 95 ಮಿಲಿಮೀಟರ್ ಇದ್ದರೆ ಹೆಜ್ಜೆ 57, ದೂರದ ಪಾಲು ಸೇರಿಸಿ 61. ಚಪ್ಪಲಿ 110 ಇದ್ದರೆ ಹೆಜ್ಜೆ 66, ದೂರದ ಪಾಲು ಸೇರಿಸಿ 71. ಈ ಫೋಟೊದಲ್ಲಿ ತಳ ಕಾಣುವುದಿಲ್ಲ, ನಾನು ಅಳೆದದ್ದು ಅಂಚನ್ನು. ಮೊದಲ ಹೆಜ್ಜೆಯಲ್ಲಿದ್ದಷ್ಟೇ ಹಿಗ್ಗು ಇಲ್ಲೂ ಇದೆ ಎಂದುಕೊಂಡರೆ ಒಂಬತ್ತು ಕಳೆಯಬೇಕು. ಒಟ್ಟಿನಲ್ಲಿ 52ರಿಂದ 71ರ ನಡುವೆ ಎಲ್ಲೋ ಇದೆ. ಕೆಳಗಿನ ಕೊನೆ ದೊಡ್ಡ ಕಾಡುಬೆಕ್ಕಿಗೆ ಹತ್ತಿರ, ಮೇಲಿನ ಕೊನೆ ಹೆಣ್ಣು ಚಿರತೆಗೋ ಎಳೆಯ ಚಿರತೆಗೋ ಸರಿ. ಆ ಚಪ್ಪಲಿ ಮನೆಯಲ್ಲೇ ಇದೆಯಲ್ಲ, ಮುಂಭಾಗದ ಅಗಲವನ್ನು ಟೇಪಿನಿಂದ ಅಳೆದು ಇದೇ ಲೆಕ್ಕ ಮಾಡಿ, ಅರ್ಧ ಸಂಶಯ ಕಳೆಯುತ್ತದೆ.

ಉಳಿದರ್ಧಕ್ಕೆ ಹೊಸ ಹೆಜ್ಜೆ ಬೇಕು, ಅದಕ್ಕೊಂದು ಮಣ್ಣಿನ ಪಟ್ಟಿ ಮಾಡಿ. ಗುಡ್ಡದ ಕಡೆಯಿಂದ ಹೊಂಡಕ್ಕೆ ಬರುವ ದಾರಿಗೆ ಅಡ್ಡಲಾಗಿ ಒಂದು ಮೀಟರ್ ಅಗಲ, ಮೂರು ನಾಲ್ಕು ಮೀಟರ್ ಉದ್ದಕ್ಕೆ ಕಲ್ಲುಕಡ್ಡಿ ತೆಗೆಯಿರಿ. ಜರಡಿ ಹಿಡಿದ ಮಣ್ಣನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಹಲಗೆಯಿಂದ ಸವರಿ. ಒಣ ಧೂಳಾದರೆ ಅಂಚು ಕುಸಿಯುತ್ತದೆ, ನೀರು ಹೆಚ್ಚಾದರೆ ಮತ್ತೆ ಕೆಸರಾಗಿ ಹೆಜ್ಜೆ ಹಿಗ್ಗುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ, ಬೆರಳಿಂದ ತಟ್ಟಿದರೆ ಒಡೆಯುವಷ್ಟು ತೇವ ಸಾಕು. ಕತ್ತಲಾಗುವ ಮೊದಲು ಸವರಿಟ್ಟು ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ.

ಫೋಟೊ ತೆಗೆಯುವಾಗ ನಾಣ್ಯವನ್ನು ಹೆಜ್ಜೆಯ ಪಕ್ಕ ಮಟ್ಟಸವಾಗಿ ಇಡಿ, ಒಳಗೆ ಬೇಡ. ಎಟಿಎಂ ಕಾರ್ಡ್ ಇನ್ನೂ ಒಳ್ಳೆಯದು, ಅದು 85.6 ಮಿಲಿಮೀಟರ್ ಉದ್ದ, 54 ಅಗಲ. ಆದರೆ ನಂಬರು ಕಾಣದಂತೆ ಬೋರಲಾಗಿಟ್ಟು ಹಿಂಬದಿಯನ್ನೂ ಕಾಗದದಿಂದ ಮುಚ್ಚಿ. ಮೊಬೈಲನ್ನು ಎದೆಯೆತ್ತರದಿಂದ ನೇರ ಕೆಳಮುಖವಾಗಿ ಹಿಡಿದು ಜೂಮ್ ಮಾಡಿ. ತೀರಾ ಹತ್ತಿರ ಹಿಡಿದರೆ ಚಿತ್ರದ ಅಂಚು ಎಳೆದಂತಾಗುತ್ತದೆ, ಹೆಜ್ಜೆಯ ಆಳವೂ ಅಳತೆ ಕೆಡಿಸುತ್ತದೆ. ಫ್ಲ್ಯಾಶ್ ಬೇಡ. ಬೆಳಕು ಸಾಲದಿದ್ದರೆ ಇನ್ನೊಬ್ಬರು ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಪಕ್ಕದಿಂದ ಹಿಡಿಯಲಿ, ಉಗುರಿನ ಗುಣಿ ತಾನಾಗಿ ನೆರಳು ಬಿಡುತ್ತದೆ. ನಾಣ್ಯ ಪರದೆಯಲ್ಲಿ ದುಂಡಗೆ ಕಂಡ ಮೇಲೆ ಒತ್ತಿ. ಕಡಿಮೆಯೆಂದರೆ ನಾಲ್ಕು ಹೆಜ್ಜೆಯ ಫೋಟೊ ಬೇಕು, ಸಾಲಿನ ಒಂದು ದೂರದ ಫೋಟೊ ಬೇರೆ.

ಈ ಎರಡು ಮೂರು ರಾತ್ರಿ ಅದನ್ನು ಚಿರತೆಯೆಂದೇ ತಿಳಿದು ನಡೆದುಕೊಳ್ಳಿ. ಆಡುಗಳಿಗೆ ಮೇಲ್ಛಾವಣಿಯೂ ಮುಚ್ಚಿದ ದೊಡ್ಡಿ ಬೇಕು, ಏಕೆಂದರೆ ಚಿರತೆ ಗೋಡೆ ಏರಿ ಒಳಗಿಳಿಯುತ್ತದೆ. ನಾಯಿಯಂತೂ ನಿಮ್ಮ ತೋಟಕ್ಕೆ ಬಂದಿದೆ, ಅದು ತಡಿಕೆಯ ಕೆಳಗೆ ಕೆರೆದು ನುಗ್ಗುತ್ತದೆ, ಹಾಗಾಗಿ ಬುಡಕ್ಕೆ ಕಲ್ಲು ಜೋಡಿಸಿ. ರಾತ್ರಿ ಕರೆಂಟಿಗೆ ಮೋಟರ್ ಹಾಕಲು ಹೋಗುವುದಿದ್ದರೆ ಇಬ್ಬರು ಹೋಗಿ, ಟಾರ್ಚ್ ಹಿಡಿದು ಮಾತಾಡುತ್ತ ನಡೆಯಿರಿ, ಹೊಂಡದ ಬಳಿ ಬಗ್ಗಿ ಕೂರಬೇಡಿ.

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಮೂರನೆಯ ಫೋಟೊದ ವಿಷಯ ಈಗಲೇ ತಿಳಿಸಬಹುದು. ಚಿರತೆ ಕಣ್ಣಿಗೆ ಬಿದ್ದರೆ, ಇನ್ನೊಂದು ಆಡು ಹೋದರೆ, ತಡಮಾಡದೆ ತಿಳಿಸಲೇಬೇಕು. ಬೋನು ಇಡಿಸಿ ಹಿಡಿಸಿಬಿಡೋಣ ಎಂದು ಊರಲ್ಲಿ ಒತ್ತಾಯ ಬರುತ್ತದೆ. ಹೆಜ್ಜೆ ಬಿಟ್ಟರೆ ಬೇರೇನೂ ಇಲ್ಲದಾಗ ನಾನು ಅದಕ್ಕೆ ಒಪ್ಪುವುದಿಲ್ಲ. ಒಂದು ಚಿರತೆ ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ, ಹಿಡಿದದ್ದನ್ನು ಬಿಟ್ಟ ಊರಿನಲ್ಲಿ ಹೊಸ ತೊಂದರೆ ಶುರುವಾಗಬಹುದು. ಉರುಳು ಹಾಕುವುದು, ಬೇಲಿಗೆ ಕರೆಂಟ್ ಕೊಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆ, ಕರಡಿ ಎರಡೂ ಮೊದಲ ಅನುಸೂಚಿಯಲ್ಲಿವೆ, ಜೈಲಾಗುವ ಅಪರಾಧ. ಅದಕ್ಕಿಂತ ಮೊದಲು, ಆ ತಂತಿಗೆ ರಾತ್ರಿ ನೀರು ಕಟ್ಟಲು ಹೋದ ನಿಮ್ಮವರೇ ಸಿಕ್ಕಿಕೊಳ್ಳಬಹುದು.

ಕಾಣೆಯಾದ ಮರಿಯನ್ನು ಯಾವ ಪ್ರಾಣಿ ಒಯ್ದಿತು ಎಂದು ಈ ಹೆಜ್ಜೆಗಳಿಂದ ಹೇಳಲು ಬರುವುದಿಲ್ಲ, ಅವು ನೀರಿಗೆ ಬಂದವರ ಗುರುತುಗಳು. ಮುಂದೆ ಆಡೇನಾದರೂ ಸತ್ತು ಸಿಕ್ಕಿದರೆ ಅದನ್ನು ಎಳೆದಾಡಬೇಡಿ, ಹೂಳಬೇಡಿ. ಕಾಡುಪ್ರಾಣಿ ಕೊಂದದ್ದಕ್ಕೆ ಸರ್ಕಾರದ ಪರಿಹಾರ ಇದೆ, ನಾಯಿ ಕೊಂದದ್ದಕ್ಕೆ ಆ ಪರಿಹಾರ ಇಲ್ಲ. ಯಾವುದು ಕೊಂದಿತೆಂದು ಅರಣ್ಯ ಸಿಬ್ಬಂದಿ ಮತ್ತು ಪಶುವೈದ್ಯರು ಸ್ಥಳದಲ್ಲೇ ನೋಡಬೇಕಾಗುತ್ತದೆ.

ಮೂರನೆಯ ಹೆಜ್ಜೆ ಇನ್ನೂ ಉಳಿದಿದ್ದರೆ ಡ್ರಿಪ್ ಬಿಡುವ ಮುಂಚೆ ಅದರ ಮೇಲೊಂದು ಬುಟ್ಟಿ ಕವುಚಿ ಕಲ್ಲು ಹೇರಿಡಿ. ಬೆಳಿಗ್ಗೆ ಬುಟ್ಟಿ ಎತ್ತಿ, ಪಕ್ಕಕ್ಕೆ ಹತ್ತು ರೂಪಾಯಿ ನಾಣ್ಯ ಇಟ್ಟು, ನೇರ ಮೇಲಿನಿಂದ ಇನ್ನೊಂದು ಫೋಟೊ ತೆಗೆದು ಕಳಿಸಿ.